ಎರಡನೇ ಭಾನುವಾರದ ಜಗಳ

ಪುಣೆಯ ಕೋಥರೂಡಿನ ನಮ್ಮ ಸೊಸೈಟಿಯಲ್ಲಿ ಕನ್ನಡ ಓದುಗರ ಬಳಗ ಕಟ್ಟಲು ಹೊರಟವಳು ನಾನು. ಹಗಲೆಲ್ಲ ವಿಮಾ ಕಚೇರಿಯಲ್ಲಿ ಮರಾಠಿ, ಹಿಂದಿ ಮಾತಾಡಿ ಮನೆಗೆ ಬಂದರೆ, ಓದಿದ ಪುಸ್ತಕದ ಬಗ್ಗೆ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಲಿಫ್ಟಿನ ಪಕ್ಕದ ಫಲಕಕ್ಕೆ ಒಂದು ಚೀಟಿ ಅಂಟಿಸಿದೆ. ಏಳು ಜನ ಬಂದೆವು. ಅವರಲ್ಲಿ ಒಬ್ಬರು ಧಾರವಾಡದಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾಗಿ, ಮಗನ ಮನೆಯಲ್ಲಿ ಇರಲು ಬಂದಿದ್ದ ಪ್ರಾಧ್ಯಾಪಕರು.

ಮೊದಲ ಜಗಳ ದಿನದ್ದು. ಪ್ರಾಧ್ಯಾಪಕರಿಗೆ ಗುರುವಾರ ಮುಂಜಾನೆ ಹನ್ನೊಂದು ಗಂಟೆ ಬೇಕಿತ್ತು.

"ಸರ, ನಾವು ಐದು ಮಂದಿ ನೌಕರಿ ಮಾಡೋವ್ರು," ಎಂದೆ.

"ಸಾಹಿತ್ಯದ ಸಲುವಾಗಿ ತಿಂಗಳಿಗೆ ಒಂದು ರಜಾ ಹಾಕಲಿಕ್ಕೆ ಆಗೂದಿಲ್ಲೇನ್ರಿ ಬಾಯಾರ?"

ನಾನು ವಾದಿಸದೆ ಫೋನಿನ ಗುಂಪಿನಲ್ಲಿ ಮತಕ್ಕೆ ಹಾಕಿದೆ. ತಿಂಗಳ ಎರಡನೇ ಭಾನುವಾರ, ಸಂಜೆ ನಾಲ್ಕರಿಂದ ಐದೂವರೆ, ಸೊಸೈಟಿಯ ಹಾಲ್‌ನಲ್ಲಿ ಎಂದು ಆರು ಜನ ಒಪ್ಪಿದರು. ಪ್ರಾಧ್ಯಾಪಕರು ಮತವನ್ನೇ ಹಾಕಲಿಲ್ಲ. ಅದನ್ನು ಅವಮಾನವೆಂದು ತಿಳಿದಿದ್ದು ನನಗೆ ಗೊತ್ತಾಯಿತು. ನಿಜ ಹೇಳಬೇಕೆಂದರೆ, ಖುಷಿಯೂ ಆಯಿತು.

ಮೊದಲ ಸಭೆಗೆ ಒಂದು ತೆಳುವಾದ ಕಥಾಸಂಕಲನ ಇಟ್ಟುಕೊಂಡಿದ್ದೆವು. ಪ್ರಾಧ್ಯಾಪಕರು ಇಪ್ಪತ್ತು ನಿಮಿಷ ಮೊದಲೇ ಬಂದು ಮೇಜಿನ ತುದಿಯ ಕುರ್ಚಿ ಹಿಡಿದು, ಒಂದು ತಾಸಿಗೂ ಹೆಚ್ಚು ಒಬ್ಬರೇ ಮಾತಾಡಿದರು. ಬೆಂಗಳೂರಿನ ಕಡೆಯ ದಂತವೈದ್ಯೆಯೊಬ್ಬಳು ನಡುವೆ, "ನಂಗೆ ಕೊನೇ ಕಥೆ ಇಷ್ಟ ಆಗ್ಲಿಲ್ಲ ಸರ್" ಎಂದಳು. "ಇಷ್ಟ, ಅನಿಷ್ಟ ವಿಮರ್ಶೆ ಅಲ್ಲಮ್ಮ" ಎಂದು ಹೇಳಿ ಅವರು ಮುಂದಕ್ಕೆ ಹೋದರು. ಆ ಹುಡುಗಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

ಮುಂದಿನ ತಿಂಗಳು ನಾನು ಒಂದು ಹಾಳೆಯಲ್ಲಿ ನಿಯಮ ಬರೆದುಕೊಂಡು ಹೋದೆ. ಮೊದಲ ಸುತ್ತಿನಲ್ಲಿ ಎಲ್ಲರಿಗೂ ಮೂರು ಮೂರು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಪ್ರತಿಯೊಬ್ಬರೂ ಪುಟದ ಸಂಖ್ಯೆ ಸಮೇತ ಒಂದು ಪ್ರಶ್ನೆ ತರಬೇಕು. ಸಭೆ ನಡೆಸುವವರು ಪ್ರತಿ ತಿಂಗಳು ಬದಲಾಗಬೇಕು, ಅವರ ಕೆಲಸ ಕೇಳುವುದೇ ಹೊರತು ತೀರ್ಪು ಕೊಡುವುದಲ್ಲ. ಪುಸ್ತಕ ಇನ್ನೂರು ಪುಟದೊಳಗಿರಬೇಕು, ಅಂಗಡಿಯಲ್ಲಿ ಸಿಗುವಂಥದ್ದಾಗಿರಬೇಕು. ಧಾರವಾಡದ ಅಂಗಡಿಯಿಂದ ಅಂಚೆಯಲ್ಲಿ ತರಿಸಬೇಕಾದ್ದರಿಂದ ಎರಡು ತಿಂಗಳು ಮುಂಚೆಯೇ ಆರಿಸಬೇಕು.

"ಮೂರು ನಿಮಿಷ!" ಎಂದರು ಪ್ರಾಧ್ಯಾಪಕರು. "ನಾ ಮೂರು ನಿಮಿಷದಾಗ ಹಾಜರಿ ಹಾಕತಿದ್ದೆ."

ಅವರನ್ನು ಸಮಾಧಾನ ಮಾಡಲೆಂದು ಉಳಿದವರು ಒಂದು ತಪ್ಪು ಮಾಡಿದರು. ಮುಂದಿನ ಪುಸ್ತಕವನ್ನು ಅವರೇ ಆರಿಸಲಿ ಎಂದರು. ಅವರು ಆರಿಸಿದ್ದು ಆರುನೂರು ಪುಟದ, ಎಂದೋ ಮುದ್ರಣ ನಿಂತುಹೋದ ಕಾದಂಬರಿ. ಇಡೀ ಪುಣೆಯಲ್ಲಿ ಅದರ ಪ್ರತಿ ಇದ್ದದ್ದು ಅವರ ಕಪಾಟಿನಲ್ಲಿ ಮಾತ್ರ ಇರಬೇಕು. ಮೊದಲ ನೂರು ಪುಟಗಳ ಝೆರಾಕ್ಸ್ ಮಾಡಿಸಿ ಹಂಚಿದರು. ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು.

ಆ ಭಾನುವಾರ ಯಾರೂ ಪೂರ್ತಿ ಓದಿ ಬಂದಿರಲಿಲ್ಲ. ಪ್ರಾಧ್ಯಾಪಕರು ಒಬ್ಬೊಬ್ಬರನ್ನೇ ಪರೀಕ್ಷೆ ಮಾಡುತ್ತ ಬಂದರು. ಮೂರನೇ ಮಹಡಿಯ ಹೆಣ್ಣುಮಗಳ ಹತ್ತಿರ ನಿಂತರು. ಅವಳ ತಂದೆ ತಾಯಿ ಬೆಳಗಾವಿ ಕಡೆಯವರು, ಆದರೆ ಹುಟ್ಟಿ ಬೆಳೆದದ್ದು ಪುಣೆಯಲ್ಲೇ.

"ನಲವತ್ತನೇ ಪುಟದಾಗ ಏನದ ಹೇಳ್ರಿ."

"ಸರ, ನನಗ ಕನ್ನಡ ಓದಾಕ ಬರಂಗಿಲ್ರಿ," ಎಂದಳು ಅವಳು. "ಸಾಲಿ ಎಲ್ಲಾ ಮರಾಠಿ ಆಗೇತಿ. ನಮ್ಮ ಅತ್ತಿಯಾರು ಓದತಾರ, ನಾ ರೊಟ್ಟಿ ಬಡಕೋಂತ ಕೇಳ್ತೀನ್ರಿ. ಈ ಝೆರಾಕ್ಸ್ ಅವರ ಕಣ್ಣಿಗೆ ಕಾಣವಲ್ದು."

"ಹಂಗಾರ ಇಲ್ಲಿ ಯಾಕ ಬಂದೀರಿ? ಇದು ಓದುಗರ ಬಳಗ. ಕೀರ್ತನ ಕೇಳಲಿಕ್ಕೆ ಗುಡಿಗೆ ಹೋಗ್ರಿ."

ಅವಳ ಮುಖ ಕೆಂಪಾಯಿತು. ಝೆರಾಕ್ಸ್ ಹಾಳೆಗಳನ್ನು ನೀಟಾಗಿ ಜೋಡಿಸಿ ಮೇಜಿನ ಮೇಲಿಟ್ಟು ಎದ್ದು ಹೋದಳು. ಅವಳ ಹಿಂದೆ ಹೋಗಬೇಕಾಗಿತ್ತು ನಾನು. ಹೋಗಲಿಲ್ಲ. ಪ್ರಾಧ್ಯಾಪಕರತ್ತ ತಿರುಗಿ, "ಮನಿಯಾಗ ಮಗ ಸೊಸಿ ನಿಮ್ಮ ಮಾತು ಕೇಳೂದಿಲ್ಲಂತ ನಮ್ಮನ್ನ ಹಿಡಿದು ಕೂಡಿಸೀರೇನು ಸರ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ನಾನು ಸರಿಯಾದ ಜಾಗಕ್ಕೇ ಹೊಡೆದಿದ್ದೆ. ಆ ಕ್ಷಣ ನನಗೆ ಕನಿಕರ ಬರಲಿಲ್ಲ.

ಮರುದಿನ ಗುಂಪಿನಲ್ಲಿ ಅವರ ಸಂದೇಶ: "ಗಂಭೀರ ಓದುಗರಿಗಾಗಿ ಹೊಸ ಬಳಗ. ಎರಡನೇ ಭಾನುವಾರ, ನಾಲ್ಕು ಗಂಟೆ, ಸೊಸೈಟಿ ಹಾಲ್." ನಾನು ಸೊಸೈಟಿಯ ಸೆಕ್ರೆಟರಿಯ ಮನೆಗೆ ಓಡಿದೆ. ಅವರು ಹಾಲ್‌ನ ರಿಜಿಸ್ಟರ್ ತೆಗೆದು ತೋರಿಸಿದರು. "ತಾಈ, ಆಧೀ ತ್ಯಾಂಚಂ ನಾವ ಆಹೆ." ಹೌದು, ಮುಂದಿನ ಆರು ತಿಂಗಳ ಎರಡನೇ ಭಾನುವಾರಗಳ ಎದುರಿಗೆ ಪ್ರಾಧ್ಯಾಪಕರು ಮೊದಲೇ ತಮ್ಮ ಹೆಸರು ಬರೆದಿಟ್ಟಿದ್ದರು. ಇಬ್ಬರು ಅವರ ಜೊತೆ ಹೋದರು. ನಮ್ಮಲ್ಲಿ ಉಳಿದವರು ನಾನು, ದಂತವೈದ್ಯೆ, ಇನ್ನೊಬ್ಬ ಬ್ಯಾಂಕಿನವರು.

ಮೂರನೇ ಮಹಡಿಗೆ ಹೋಗಿ ಬಾಗಿಲು ತಟ್ಟಿದೆ. ಅವಳು ಒಳಗೆ ಕರೆಯದೆ ಹೊಸ್ತಿಲಲ್ಲೇ ನಿಂತಳು.

"ಆ ಸರ ಇನ್ನ ಮುಂದ ನಮ್ಮ ಬಳಗದಾಗ ಇಲ್ಲ. ನೀವು ಬರ್ರಿ," ಎಂದೆ.

"ನಾ ಎದ್ದು ಬಂದ ಮ್ಯಾಲ ನೀವು ಏನಂದ್ರಿ ಅಂತ ಕೇಳೇನಿ ವೈನಿ. ನನ್ನ ಹೆಸರ ಮ್ಯಾಲ ನಿಮ್ಮ ಸಿಟ್ಟು ತೀರಿಸ್ಕೊಂಡ್ರಿ. ನನ್ನ ಹಿಂದ ಯಾರು ಬಂದ್ರು?"

ಆಗ ಒಳಗಿನಿಂದ ಅವಳ ಅತ್ತೆಯ ಗಟ್ಟಿ ಧ್ವನಿ ಬಂತು: "ನಾ ಬರ್ತೀನವಾ. ಆದ್ರ ಮ್ಯಾಲ ಕೆಳಗ ಅಡ್ಡಾಡಾಕ ಮೊಣಕಾಲ ಕೇಳಂಗಿಲ್ಲ. ನೀವ ಇಲ್ಲಿಗೆ ಬರ್ರಿ."

ಹೀಗೆ ಬಳಗ ಅವರ ಮನೆಗೆ ಹೋಯಿತು. ಮೂರನೇ ಶನಿವಾರ, ಸಂಜೆ ಐದಕ್ಕೆ. ಮೊದಲ ಅರ್ಧ ಗಂಟೆ ಅಜ್ಜಿ ಗಟ್ಟಿಯಾಗಿ ಓದುವುದು, ಆಮೇಲೆ ಮೂರು ನಿಮಿಷದ ಸುತ್ತು, ಆಮೇಲೆ ಪ್ರಶ್ನೆ. ಸೊಸೆ ಮೊದಲ ಸಲ ಅಡುಗೆಮನೆಯಲ್ಲೇ ಇದ್ದಳು. ಅಂದಿನ ಕಾದಂಬರಿಯಲ್ಲಿ ಗಂಡನ ಮನೆ ಬಿಟ್ಟು ಹೋಗುವ ಹೆಂಗಸನ್ನು ನಾನು ಧೈರ್ಯವಂತೆ ಎಂದು ಹೊಗಳುತ್ತಿದ್ದೆ. ಸೊಸೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಧೈರ್ಯ ಅಲ್ಲ ಅದು, ಸೊಕ್ಕು. ಕೂಸಿನ್ನ ಯಾರ ಕಡೆ ಬಿಟ್ಟು ಹೋದ್ಲು? ಒಂದು ಸಾಲು ಐತೇನು ಅದರಾಗ?"

ದಂತವೈದ್ಯೆ ಅವಳ ಮೇಲೆ ಬಿದ್ದಳು, ಬ್ಯಾಂಕಿನವರು ದಂತವೈದ್ಯೆಯ ಮೇಲೆ. ಅಜ್ಜಿ ಪುಟ ಹಿಂದಕ್ಕೆ ತಿರುವಿ ಆ ಸಾಲನ್ನು ಹುಡುಕಿದರು. ಇರಲಿಲ್ಲ. ಎರಡು ಸಲ ಓದಿದ್ದ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಏಳೂವರೆಯವರೆಗೆ ಮಾತು ನಿಲ್ಲಲಿಲ್ಲ.

ಅವಳು ನನ್ನನ್ನು ಕ್ಷಮಿಸಿದ್ದಾಳೆ ಎಂದು ನಾನು ಹೇಳಲಾರೆ. ಎಲ್ಲರಿಗೂ ಚಹಾ ಕೈಗೆ ಕೊಡುತ್ತಾಳೆ, ನನ್ನದನ್ನು ಮೇಜಿನ ಮೇಲಿಡುತ್ತಾಳೆ. ಪ್ರಾಧ್ಯಾಪಕರು ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಾರೆ, ಆ ವಯಸ್ಸಿನಲ್ಲಿ ಐದು ಮಹಡಿ. ಒಮ್ಮೆ ಕರೆಯಬೇಕೆನಿಸಿತು. ಲಿಫ್ಟಿನ ಗುಂಡಿ ಒತ್ತಿ ಮೇಲೆ ಹೋಗಿಬಿಟ್ಟೆ.

ಹೋದ ತಿಂಗಳು ಮುಂದಿನ ಪುಸ್ತಕಕ್ಕೆ ಮತ ಹಾಕಿದೆವು. ನನ್ನದು ಎರಡು ಮತದಲ್ಲಿ ನಿಂತಿತು, ಅವಳು ಹೇಳಿದ ಪತ್ತೇದಾರಿ ಕಾದಂಬರಿ ಮೂರು ಮತದಲ್ಲಿ ಗೆದ್ದಿತು. ಸೋತದ್ದನ್ನು ನನಗೆ ಸಹಿಸಲಾಗಲಿಲ್ಲ, ಆದರೂ ನಾಲ್ಕು ಪ್ರತಿ ತರಿಸಿದ್ದು ನಾನೇ. ಅರ್ಧ ಓದಿದ್ದೇನೆ, ಹಿಡಿಸಿಲ್ಲ. ಯಾಕೆ ಹಿಡಿಸಿಲ್ಲ ಎಂದು ಪುಟ ಸಮೇತ ಗುರುತು ಹಾಕಿಕೊಳ್ಳುತ್ತಿದ್ದೇನೆ. ಅವಳು ಸುಮ್ಮನೆ ಬಿಡುವವಳಲ್ಲ.