ಮಂಗಳವಾರ ಬೆಳಿಗ್ಗೆ, ಮೂರನೇ ಮಿಷನ್

ನಾನು ಹುಟ್ಟಿದ್ದು ರಾಯದುರ್ಗದಲ್ಲಿ, ಮದುವೆಯಾಗಿ ಬಂದದ್ದು ಮಡಕಶಿರಕ್ಕೆ. ಇಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಊರಿನ ಸಣ್ಣ ಡಯಾಲಿಸಿಸ್ ಕೇಂದ್ರಕ್ಕೆ ಪ್ರೋಗ್ರಾಂ ಬರೆದುಕೊಡುತ್ತೇನೆ ಅಂತ ನಾನಾಗಿಯೇ ಮುಂದೆ ಬಿದ್ದೆ. ಯಾರೂ ನನ್ನ ಕೈಕಾಲು ಹಿಡಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ನೆಪ ಹುಡುಕುವ ಚಾಳಿ ನನಗಿದೆ.

ಆ ಕೇಂದ್ರದಲ್ಲಿ ನಾಲ್ಕು ಮಿಷನ್. ಒಂದು ಕೆಟ್ಟು ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತಿತ್ತು. ಉಳಿದ ಮೂರರಲ್ಲೇ ಎಲ್ಲರನ್ನೂ ಹೊಂದಿಸಬೇಕಾಗಿದ್ದರಿಂದ, ಯಾರು ಯಾವ ದಿನ, ಯಾವ ಹೊತ್ತು, ಯಾವ ಮಿಷನ್ ಅಂತ ಪ್ರತಿ ಭಾನುವಾರ ಹೊಸದಾಗಿ ಹಂಚುತ್ತಿದ್ದರು. ಅಲ್ಲಿನ ನರ್ಸಮ್ಮ ಮೊದಲು ಉದ್ದದ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಹೆಸರು ಬರೆಯುತ್ತಿದ್ದರು. ನನ್ನ ಪ್ರೋಗ್ರಾಂ ಬಂದ ಮೇಲೆ ಒಂದೊಂದೇ ಹೆಸರು ಟೈಪ್ ಮಾಡಿದರೆ ಸಾಕು. ಅದು ಖಾಲಿ ಇರುವ ಮೊದಲ ಜಾಗವನ್ನು ಹುಡುಕಿ, ಆ ಹೆಸರಿಗೆ ಬರೆದು, ಅವರ ಫೋನಿಗೆ ಮೆಸೇಜು ಕಳಿಸುತ್ತಿತ್ತು. ಎರಡು ತಿಂಗಳು ಒಂದು ತಕರಾರೂ ಇರಲಿಲ್ಲ.

ಹತ್ತಿರದ ಅಗಳಿ ಊರಿನ ಕಡೆಯವರದ್ದು ಬೇರೆ ಪದ್ಧತಿ. ಉಳಿದವರ ಹಾಗೆ ಜಾಗ ಕೇಳಲು ಅವರು ಯಾರೂ ಫೋನು ಮಾಡುತ್ತಿರಲಿಲ್ಲ. ಐದು ಜನ ಒಂದೇ ಆಟೋದಲ್ಲಿ ಬಂದು ಹೋಗುವವರು. ಆಟೋದವರೇ ಭಾನುವಾರ ಐದೂ ಹೆಸರಿನ ಒಂದು ಚೀಟಿ ತಂದು ಕೌಂಟರಿನ ಮೇಲೆ ಇಟ್ಟು ಹೋಗುತ್ತಿದ್ದರು. ನರ್ಸಮ್ಮ ನನಗೆ ಅಂದರು, "ಐದೂ ಹೆಸ್ರು ಒಂದೇ ಸಲ ಹಾಕೋ ಹಂಗೆ ಮಾಡ್ಕೊಡಮ್ಮ, ಒಂದೊಂದೇ ಒತ್ತಿ ಒತ್ತಿ ಬೆರಳು ಸವೀತಾವೆ."

"ಅಷ್ಟೇ ಏನ್ರಿ? ಮಾಡಿಕೊಡ್ತೀನಿ ತಗೋರಿ" ಅಂದೆ.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಅಗಳಿ ಕಡೆಯ ಹೆಂಗಸು ಜೋರಾಗಿ ನಕ್ಕಳು. ನಲವತ್ತರ ಆಸುಪಾಸು, ಹುಣಸೆಹಣ್ಣು ಬಿಡಿಸುವ ಕೂಲಿ, ಉಗುರೆಲ್ಲ ಕಂದು. "ನಿಮ್ ರಾಯದುರ್ಗದೋರು ಎಲ್ಲಾರ್ಗೂ ರೀ ಹಚ್ತೀರ. ಮಿಷಿನ್ಗೂ ರೀ ಅಂತೀರೇನು ಮೇಡಮ್ಮ?" ಆ ಹೆಂಗಸು ನನಗೆ ಬಹಳ ಇಷ್ಟವಾಗಿದ್ದಳು. ಸೂಜಿ ಚುಚ್ಚುವಾಗಲೂ ಏನಾದರೊಂದು ಚೇಷ್ಟೆ ಮಾಡದೆ ಬಿಡುತ್ತಿರಲಿಲ್ಲ.

ಮಾರನೇ ದಿನ ಊಟದ ಬಿಡುವಿನಲ್ಲಿ ಅದನ್ನು ಬರೆದೆ. ಚೀಟಿಯ ಹೆಸರುಗಳ ಮೇಲೆ ಒಂದು ಲೂಪ್, ಅದರೊಳಗೆ ಒಂದೊಂದು ಹೆಸರಿಗೂ ಜಾಗ ಕೊಡುವ ಹಳೆಯ ಫಂಕ್ಷನ್ನಿಗೆ ಕರೆ. ಆ ಕರೆಗೆ ಮೊದಲು await, ಅಂದರೆ ‘ಕಾಯಿ’, ಅಂತ ಬರೆಯಬೇಕಿತ್ತು. ಬರೆಯಲಿಲ್ಲ.

ಡೇಟಾಬೇಸಿಗೆ ಹೋಗಿ ಕೇಳಿ ಬರಲು ಸ್ವಲ್ಪ ಹೊತ್ತು ಬೇಕು. ಒಂದು ಹೆಸರಿನ ಕೆಲಸ ಮುಗಿಯುವ ತನಕ ಲೂಪ್ ಮುಂದಿನ ಹೆಸರಿಗೆ ಹೋಗಬಾರದು ಅಂತ ತಡೆಯುವುದು ಆ ಪದ. ಅದಿಲ್ಲದಿದ್ದರೆ ಐದೂ ಕೆಲಸ ಒಟ್ಟಿಗೆ ಹೊರಡುತ್ತವೆ. ಐದೂ ಹೋಗಿ ಖಾಲಿ ಜಾಗ ಯಾವುದು ಅಂತ ಕೇಳುತ್ತವೆ. ಇನ್ನೂ ಯಾರ ಹೆಸರೂ ಬರೆದಿಲ್ಲವಾದ್ದರಿಂದ ಐದಕ್ಕೂ ಒಂದೇ ಉತ್ತರ. ಆಮೇಲೆ ಐದೂ ಅದೇ ಜಾಗಕ್ಕೆ ತಮ್ಮ ತಮ್ಮ ಹೆಸರು ಬರೆಯುತ್ತವೆ. ಒಂದು ಎರರ್ ಕೂಡ ಬರುವುದಿಲ್ಲ. ನಾನು ಪರೀಕ್ಷೆ ಮಾಡಿದ್ದು ಒಂದೇ ಹೆಸರಿನ ಚೀಟಿ ಹಾಕಿ. ಮಕ್ಕಳಿಗೆ ಪಾಠ ಹೇಳುವವಳು ನಾನು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಭಾನುವಾರ ನರ್ಸಮ್ಮ ಐದೂ ಹೆಸರು ಹಾಕಿ ಗುಂಡಿ ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ "ಎಲ್ಲ ಮುಗಿಯಿತು" ಅಂತ ಬಂತು. "ಅಯ್ಯೋ ಶಿವ, ಎಷ್ಟು ಬೇಗ!" ಅಂತ ಫೋನು ಮಾಡಿ ಹೊಗಳಿದರು. ನಾನು ಉಬ್ಬಿಹೋದೆ. ಒಂದೂ ಕೆಲಸ ಮುಗಿಯುವ ಮುಂಚೆಯೇ ಬಂದ ಮಾತು ಅದು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಪರದೆಯ ಮೇಲಿನ ಪಟ್ಟಿ ಹೆಸರಿನ ಪ್ರಕಾರ ಇತ್ತು, ಮಿಷನ್ನಿನ ಪ್ರಕಾರ ಅಲ್ಲ. ಹಾಗಾಗಿ ಕಣ್ಣಿಗೂ ಬೀಳಲಿಲ್ಲ. ಅಗಳಿಯವರಿಗೆ ಸಿಗಬೇಕಾಗಿದ್ದ ನಾಲ್ಕು ಜಾಗ ಖಾಲಿ ಅಂತಲೇ ಉಳಿದವು. ಆಮೇಲೆ ಫೋನು ಮಾಡಿದವರಿಗೆ ಪ್ರೋಗ್ರಾಂ ಅವನ್ನೆಲ್ಲ ಕೊಟ್ಟು ವಾರವನ್ನೇ ತುಂಬಿಸಿತು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಐದು ಜನ ಮೂರನೇ ಮಿಷನ್ನಿನ ಮುಂದೆ ಬಂದು ನಿಂತರು. ನರ್ಸಮ್ಮ ನನಗೆ ಫೋನು ಮಾಡಿದರು. ನಾನು ಹೋಗುವಷ್ಟರಲ್ಲಿ ಇಬ್ಬರನ್ನು ಹಿಂದೂಪುರದ ಆಸ್ಪತ್ರೆಗೆ ಕಳಿಸಿದ್ದರು, ಒಬ್ಬರಿಗೆ ಮಾರನೇ ದಿನಕ್ಕೆ ಹೇಗೋ ಜಾಗ ಹೊಂದಿಸಿದ್ದರು. ಉಳಿದವರು ಏದುಸಿರು ಬಿಡುತ್ತಿದ್ದ ಒಬ್ಬ ಅಜ್ಜ, ಮತ್ತು ಆ ಹೆಂಗಸು.

"ಅಜ್ಜಂಗೆ ಹಾಕ್ರಮ್ಮ. ನಂಗೇನಾಗೈತೆ? ಗುಂಡುಕಲ್ಲಿದ್ದಂಗಿವ್ನಿ" ಅಂದಳು. ಕಾಲು ಊದಿತ್ತು. ಸೆರಗು ಇಳಿಬಿಟ್ಟು ಮುಚ್ಚಿಕೊಂಡಿದ್ದನ್ನು ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ. ಗುರುವಾರ ಬೆಳಿಗ್ಗೆ ಬರಲು ಹೇಳಿದರು. ಅವಳಿಗೆ ಹಿಂದಿನ ಸಲ ಆಗಿದ್ದು ಶುಕ್ರವಾರ; ನಾಲ್ಕು ದಿನಕ್ಕೇ ಆಗಬೇಕಾದದ್ದು ಆರು ದಿನಕ್ಕೆ ಹೋಯಿತು. ಹೊರಡುವಾಗ ನನ್ನ ಕಡೆ ತಿರುಗಿ, "ಮಿಷಿನ್ಗೆ ರೀ ಅಂದಿಲ್ಲ ನೀವು, ಅದ್ಕೇ ಮುನಿಸ್ಕಂಡೈತೆ" ಅಂದಳು. ನನಗೆ ನಗು ಬರಲಿಲ್ಲ.

ಅಲ್ಲೇ ಕೂತು ಹುಡುಕಿದೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಪದ ಸೇರಿಸಿದೆ. ಅಷ್ಟಕ್ಕೇ ಬಿಡದೆ, ಒಂದೇ ಮಿಷನ್ನಿಗೆ ಒಂದೇ ಹೊತ್ತಿಗೆ ಎರಡು ಹೆಸರು ಬಂದರೆ ಡೇಟಾಬೇಸೇ ಒಪ್ಪದ ಹಾಗೆ ಬಿಗಿ ಮಾಡಿದೆ. ಐದು ಹೆಸರು ಹಾಕಿ ನೋಡಿದೆ, ಐದು ಬೇರೆ ಬೇರೆ ಜಾಗ ಬಂದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಆದರೂ ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಮಾಧಾನವಾಯಿತು. ಮನೆಗೆ ಹೋಗಿ ಹೊಟ್ಟೆ ತುಂಬ ಮುದ್ದೆ ಉಂಡೆ.

ಗುರುವಾರ ಬೆಳಿಗ್ಗೆ ಆಟೋ ಬಂತು. ಅವಳು ದಾರಿಯಲ್ಲೇ ಹೋಗಿಬಿಟ್ಟಿದ್ದಳು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ನಿಂತುಹೋಗುತ್ತದೆ ಅಂದರು ಡಾಕ್ಟರು. ಅವಳ ಶರೀರ ಮೊದಲೇ ಸೋತಿತ್ತು, ತಡವಾಗಿದ್ದರಿಂದಲೇ ಹೀಗಾಯಿತು ಅಂತ ಹೇಳಲಾಗದು ಅಂತಲೂ ಅಂದರು. ನರ್ಸಮ್ಮ ಗೋಡೆ ಕಡೆ ಮುಖ ಮಾಡಿ ಅತ್ತರು. ಸಂಜೆ ನಮ್ಮಮ್ಮ ರಾಯದುರ್ಗದಿಂದ ಫೋನು ಮಾಡಿ, "ನೀ ಯಾಕ ನಿನ್ನ ತಲಿಮ್ಯಾಲ ಹಾಕ್ಕೊಂತಿ? ಡಾಕ್ಟ್ರ ಹೇಳ್ಯಾರಲ್ಲ" ಅಂದಳು. ಆ ಮಾತನ್ನು ಹಿಡಿದುಕೊಂಡು ಹತ್ತು ದಿನ ಬದುಕಿದೆ.

ಹನ್ನೊಂದರ ಕಾರ್ಯ ಮುಗಿದ ಮೇಲೆ ಅವಳ ಗಂಡ ಕೇಂದ್ರಕ್ಕೆ ಬಂದರು, ಆಸ್ಪತ್ರೆಯ ಕಾರ್ಡು ವಾಪಸು ಕೊಡಲು. ಬೋಳಿಸಿದ ತಲೆಗೆ ಟವಲು ಸುತ್ತಿದ್ದರು. ನಾನೂ ಅಲ್ಲಿದ್ದೆ. ತಡೆಯಲಾಗಲಿಲ್ಲ.

"ಅಣ್ಣಾ, ಆ ವಾರ ತಪ್ಪಾಗಿದ್ದು ನನ್ನಿಂದರಿ. ಒಂದು ಪದ ಬರೆಯೋದು ಮರೆತೆ" ಅಂದೆ.

ಅವರು ರೇಗಲಿಲ್ಲ. ಕಾರ್ಡನ್ನು ಕೌಂಟರಿನ ಮೇಲಿಟ್ಟು, "ಈಗ ಸರಿ ಮಾಡಿದ್ರೇನಮ್ಮ?" ಅಂದರು.

"ಮಾಡಿದೆ."

"ಯಾವಾಗ?"

"ಅವತ್ತೇ. ಮಂಗಳವಾರ ಮಧ್ಯಾಹ್ನ."

ಅವರು ಸ್ವಲ್ಪ ಹೊತ್ತು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು.

"ಮಂಗಳವಾರ ಮಧ್ಯಾನ" ಅಂದರು. "ಅವ್ಳಿನ್ನೂ ಇದ್ಲು."