ಕಿವಿಗೆ ಹಿಡಿದ ಡಬ್ಬ

ಆ ಕುಂಬಾರಿಕೆ ಕಾರ್ಖಾನೆಯಲ್ಲಿ ಅವಳು ಎಲ್ಲರಿಗೂ ಅತ್ತಿಗೆ. ನಿಜವಾದ ನಾದಿನಿ ಒಬ್ಬಳೇ, ಅದೇ ಮೇಜಿನ ಆ ಕಡೆ ಕೂತು ತೂಕ ನೋಡಿ ವಿಳಾಸದ ಚೀಟಿ ಅಂಟಿಸುವವಳು. ಅವಳು ಕರೆಯುವುದನ್ನು ಕೇಳಿ ಕೇಳಿ ಪಾತ್ರೆ ಸುಡುವ ಗೂಡಿನ ಕೆಲಸದವರೂ ಹಾಗೇ ಕರೆದರು. ಕೊನೆಗೆ ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಯಜಮಾನರೂ ಅತ್ತಿಗೆ ಎಂದರು.

ಹನ್ನೊಂದು ವರ್ಷದಿಂದ ಅವಳ ಕೆಲಸ ಒಂದೇ, ಮಣ್ಣಿನ ಪಾತ್ರೆಗಳನ್ನು ದೂರದ ಊರುಗಳಿಗೆ ಕಟ್ಟಿ ಕಳಿಸುವುದು. ಅದಕ್ಕೂ ಮೊದಲು ಮೊಟ್ಟೆ ಅಂಗಡಿಯಲ್ಲಿದ್ದಳು. "ಮೊಟ್ಟೆಗಾದ್ರೆ ಬುದ್ಧಿ ಇರತ್ತೆ, ಎಲ್ಲಾ ಒಂದೇ ಆಕಾರ. ಈ ಜಗ್ಗಿಗೆ ಕಿವಿ ಒಂದು ಕಡೆ, ಬಾಯಿ ಒಂದು ಕಡೆ" ಎಂದು ಗೊಣಗುತ್ತಲೇ ಜಗ್ಗಿನ ಹಿಡಿಯ ಸಂದಿಗೆ ಕಾಗದದ ಸುರುಳಿ ತೂರಿಸುತ್ತಿದ್ದಳು. ಹಿಡಿಗೆ ಆಸರೆ ಬೇಕು, ಆದರೆ ಅದರ ಮೇಲೆ ಭಾರ ಬೀಳಬಾರದು. ಗುಳ್ಳೆ ಹಾಳೆ ಎರಡು ಸುತ್ತು. ಡಬ್ಬದ ಆರೂ ಗೋಡೆಗಳಿಂದ ಮೂರು ಮೂರು ಬೆರಳಿನ ಅಂತರ, ಆ ಅಂತರಕ್ಕೆಲ್ಲ ಮುದುರಿದ ಕಂದು ಕಾಗದ.

ಕೊರಿಯರ್‌ನವರು ತೂಕದ ಜೊತೆಗೆ ಜಾಗಕ್ಕೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಐದು ಸಾವಿರದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅಷ್ಟು ಕಿಲೋಗೆ ದುಡ್ಡು, ಅದೂ ಮುಂದಿನ ಅರ್ಧ ಕಿಲೋಗೆ ಏರಿಸಿ. ಹಾಗಾಗಿ ಒಂದು ಜಗ್ಗು, ಎರಡು ಲೋಟದ ಸೆಟ್ಟಿಗೆ ಅತ್ತಿಗೆಯೇ ಒಂದು ಉಪಾಯ ಹುಡುಕಿದ್ದಳು. ಜಗ್ಗಿನ ಹೊಟ್ಟೆ ಹೇಗೂ ಖಾಲಿ. ಲೋಟಗಳನ್ನು ಸುತ್ತಿ ಒಂದರ ಹಿಂದೊಂದು ಅದರೊಳಗೇ ಇಟ್ಟು, ಸುತ್ತ ಕಾಗದ ಗಿಡಿದು, ಜಗ್ಗನ್ನು ಡಬ್ಬದಲ್ಲಿ ಮಲಗಿಸುವುದು. ಇಪ್ಪತ್ತನಾಲ್ಕು ಸೆಂಟಿಮೀಟರ್ ಎತ್ತರದ ಡಬ್ಬದ ನಾಲ್ಕು ಮೂಲೆಗಳನ್ನು ಚಾಕುವಿನಿಂದ ಸೀಳಿ, ಇಪ್ಪತ್ತಕ್ಕೆ ಗೀರು ಎಳೆದು ಮಡಚುವುದು. ಮೂವತ್ತು, ಇಪ್ಪತ್ತೈದು, ಇಪ್ಪತ್ತು. ಸರಿಯಾಗಿ ಮೂರು ಕಿಲೋ.

ಕೊನೆಗೆ ಡಬ್ಬವನ್ನು ಎತ್ತಿ ಕಿವಿಯ ಬಳಿ ಹಿಡಿದು ಎರಡು ಸಲ ಅಲುಗಿಸುತ್ತಿದ್ದಳು. ಒಳಗಿನ ಲೋಟದ ಸುತ್ತಣ ಕಾಗದ ಕೆಲವೊಮ್ಮೆ ಸಡಿಲವಾಗುವುದು ಸಹಜ. ಆಗ ಒಳಗಿನಿಂದ ಮೆತ್ತಗೆ ಟಕ್ ಎನ್ನುತ್ತದೆ. ಅಂದರೆ ಬಿಚ್ಚಿ ಮತ್ತೆ ಗಿಡಿಯಬೇಕು. ಏನೂ ಕೇಳಿಸದಿದ್ದರೆ, "ಮಾತಾಡ್ತಿಲ್ಲ, ತಗೋ" ಎಂದು ನಾದಿನಿಯ ಕಡೆ ತಳ್ಳುತ್ತಿದ್ದಳು.

ಆ ವರ್ಷದ ಚಳಿಗಾಲದಲ್ಲಿ ಕೊಂಡವರಿಂದ ಫೋಟೋಗಳು ಬರತೊಡಗಿದವು. ಬೇರೆ ಬೇರೆ ಊರಿನ, ಬೇರೆ ಬೇರೆ ಮೇಜುಗಳ ಮೇಲೆ ಒಡೆದ ಜಗ್ಗಿನ ಅದೇ ನೀಲಿ ಚೂರುಗಳು. ಯಜಮಾನರು ಬೈಯಲಿಲ್ಲ. ಫೋನನ್ನು ಅವಳ ಮುಂದೆ ಇಟ್ಟು ಒಂದೊಂದೇ ಫೋಟೋ ಸರಿಸಿ ತೋರಿಸಿದರು. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಸಂಜೆ ವ್ಯಾನು ಬಂದಾಗ ಅವಳು ಕೊರಿಯರ್‌ನವನನ್ನು ಬಾಗಿಲಲ್ಲೇ ತಡೆದಳು.

"ಏನಪ್ಪಾ, ಬಾಕ್ಸನ್ನ ಇಡ್ತೀಯೋ ಎಸೀತೀಯೋ?"

"ಅತ್ತಿಗೆ, ಸುಳ್ಳು ಯಾಕೆ ಹೇಳ್ಲಿ? ಹೋದ ವರ್ಷಾನೂ ಎಸೀತಿದ್ದೆ, ಈ ವರ್ಷಾನೂ ಎಸೀತೀನಿ. ಗೋಡೌನಲ್ಲಿ ಬೆಲ್ಟ್ ಮೇಲಿಂದ ಸೊಂಟದೆತ್ತರದಿಂದ ಬೀಳತ್ತೆ, ಅಲ್ಲಿ ಯಾರೂ ಕೈ ಒಡ್ಡಲ್ಲ. ಹೋದ ವರ್ಷ ಒಡೀತಿರ್ಲಿಲ್ಲ, ಅಷ್ಟೆ."

ನಾದಿನಿಗೆ ನಗು ಬಂತು. ಅತ್ತಿಗೆಗೆ ಬರಲಿಲ್ಲ.

ಮಾರನೆಯ ದಿನದಿಂದ ಅವಳು ಗೋಡೆಯ ಅಂತರಕ್ಕೆ ಕಾಗದವನ್ನು ಇನ್ನೂ ಗಟ್ಟಿಯಾಗಿ ತುಂಬಿದಳು. ಡಬ್ಬಗಳು ಊಟ ಹೆಚ್ಚಾದವರಂತೆ ಉಬ್ಬಿದವು. ಗೋಡೌನಿನ ಅಳತೆ ಯಂತ್ರ ಉಬ್ಬನ್ನೂ ಬಿಡುವುದಿಲ್ಲ. ಇಪ್ಪತ್ತು ಇಪ್ಪತ್ತೊಂದಾಯಿತು, ಮೂರು ಕಿಲೋ ಮೂರೂವರೆಯಾಯಿತು. ಆದರೂ ಚೂರುಗಳ ಫೋಟೋ ನಿಲ್ಲಲಿಲ್ಲ.

ಯಜಮಾನರು ಒಂದು ಬೆಳಿಗ್ಗೆ ಮೇಜಿನ ಬಳಿ ಬಂದರು. "ಅತ್ತಿಗೆ, ಒಂದು ಹೋಟೆಲ್ಲಿನವರು ಇನ್ನೂರು ಸೆಟ್ ಕೇಳ್ತಿದಾರೆ. ಮೊದ್ಲು ಹನ್ನೆರಡು ಕಳ್ಸಿ ಅಂದ್ರು. ಅಚ್ಚು ಹಾಕಿದ ಫೋಮ್ ತಂದು ಪ್ಯಾಕ್ ಮಾಡಿಕೊಡೋ ಏಜೆನ್ಸಿ ಒಂದಿದೆ. ಈ ಹನ್ನೆರಡೂ ಇಡಿಯಾಗಿ, ಮೂರೇ ಕಿಲೋದಲ್ಲಿ ತಲುಪಿದ್ರೆ ನಾನು ಅವರ ಹತ್ರ ಹೋಗಲ್ಲ. ಇಲ್ದಿದ್ರೆ..."

ಅವಳು ಆ ದಿನ ಚಹಾಕ್ಕೂ ಏಳಲಿಲ್ಲ. ಉಬ್ಬಿಲ್ಲದಂತೆ, ಹಳೆಯ ಅಳತೆಗೆ, ಒಂದೊಂದನ್ನೂ ಕಟ್ಟಿ ಕಿವಿಗೆ ಹಿಡಿದಳು. ಕಣ್ಣು ಮುಚ್ಚಿ ಅಲುಗಿಸಿದಳು. "ಮಾತಾಡ್ತಿಲ್ಲ, ತಗೋ." ಏಳನೆಯದಕ್ಕೆ ಚೀಟಿ ಅಂಟಿಸಲು ತಿರುಗಿಸಿದಾಗ ನಾದಿನಿಗೆ ಏನೋ ಕೇಳಿಸಿತು. ಮತ್ತೆ ಅಲುಗಿಸಿದಳು. ಟಕ್.

ಅವಳಿಗೆ ಮೊದಲು ತಮಾಷೆ ಎನಿಸಿತು. ಆಮೇಲೆ, ಮನೆಯಲ್ಲಿ ಅತ್ತಿಗೆ ಟೀವಿಯ ಸದ್ದು ಏರಿಸುವುದು, ಅವಳನ್ನು ಎರಡೆರಡು ಸಲ ಕೂಗಬೇಕಾಗುವುದು, ಎಲ್ಲ ಒಂದರ ಹಿಂದೆ ಒಂದು ನೆನಪಾಯಿತು. ಡಬ್ಬವನ್ನು ಅತ್ತಿಗೆಯ ಬೆನ್ನ ಹಿಂದೆ ಹಿಡಿದು ಜೋರಾಗಿ ಅಲುಗಿಸಿದಳು. ಅತ್ತಿಗೆ ಕಾಗದ ಮುದುರುತ್ತಲೇ ಇದ್ದಳು.

ಅವಳ ಹೆಗಲು ಮುಟ್ಟಿ ತಿರುಗಿಸಿ, "ಅತ್ತಿಗೆ, ಇದು ಮಾತಾಡ್ತಿದೆ" ಎಂದಳು.

"ಎಲ್ಲಿ?" ಅವಳು ಕಿವಿಗೆ ಹಿಡಿದಳು. ಇನ್ನೊಂದು ಕಿವಿಗೆ ಹಿಡಿದಳು. "ಎಲ್ಲಿ?"

ಅತ್ತಿಗೆ ನಾದಿನಿಯ ಮುಖ ನೋಡಿ, ಟೇಪನ್ನು ಸೀಳಿ ಡಬ್ಬ ಬಿಚ್ಚಿದಳು. ಜಗ್ಗಿನ ಹೊಟ್ಟೆಯಲ್ಲಿ ಕಾಗದ ಒಂದು ಬದಿಗೆ ಕುಸಿದಿತ್ತು. ಲೋಟ ಒಳಗೋಡೆಗೆ ತಾಗುತ್ತಿತ್ತು. ಇಷ್ಟು ದಿನ ಹೊರಗೆ ತುಂಬಿದ ಕಾಗದವೆಲ್ಲ ಜಗ್ಗನ್ನು ಹೊರಗಿನಿಂದಷ್ಟೇ ಕಾಪಾಡಿತ್ತು, ಪೆಟ್ಟು ಬೀಳುತ್ತಿದ್ದದ್ದು ಒಳಗಿನಿಂದ.

"ಎಷ್ಟು ದಿನದಿಂದ ಹೀಗೆ?" ನಾದಿನಿ ಕೇಳಿದಳು, ಈ ಸಲ ಮುಖಕ್ಕೆ ಮುಖ ಕೊಟ್ಟು.

"ನಂಗೇನು ಗೊತ್ತು? ಕೇಳಿಸ್ತಿಲ್ಲ ಅಂತ ಗೊತ್ತಾಗೋಕೂ ಕೇಳಿಸ್ಬೇಕಲ್ವೇನೇ."

ಹನ್ನೆರಡನ್ನೂ ನಾದಿನಿ ಅಲುಗಿಸಿದಳು. ಮೂರು ಮಾತಾಡಿದವು. ಬಿಚ್ಚಿ, ಲೋಟದ ಸುತ್ತ ಕಾಗದ ಬಿಗಿದು, ಮತ್ತೆ ಮುಚ್ಚಿದರು. "ನೀನು ಕಟ್ಟು, ನಾನು ಅಲುಗಿಸ್ತೀನಿ. ಯಜಮಾನ್ರಿಗೆ ಯಾಕೆ ಹೇಳ್ಬೇಕು? ನಮ್ಮಿಬ್ರಲ್ಲೇ ಇರ್ಲಿ" ಎಂದಳು ನಾದಿನಿ. ಅತ್ತಿಗೆ ಟೇಪಿನ ತುದಿಯನ್ನು ಉಗುರಿನಿಂದ ಒತ್ತಿ ಅಂಟಿಸಿದಳು.

ಐದನೆಯ ದಿನ ಯಜಮಾನರು ನಗುತ್ತಾ ಬಂದರು. ಹನ್ನೆರಡೂ ಇಡಿಯಾಗಿ, ಮೂರೇ ಕಿಲೋದಲ್ಲಿ ತಲುಪಿದ್ದವು. "ನೋಡಿ, ನಿಮ್ಮ ಕೈಗೆ ಯಾವ ಫೋಮೂ ಸಾಟಿಯಿಲ್ಲ."

"ಕೈಯದೇನೂ ಇಲ್ಲ ಸ್ವಾಮಿ. ನಂಗೆ ಕಿವಿ ಹೋಗಿದೆ" ಎಂದಳು ಅತ್ತಿಗೆ. "ಅಲುಗಿಸಿದ್ದು ಇವಳು. ಇನ್ನೂರು ಬಾಕ್ಸನ್ನೂ ಇವಳ ಕಿವಿ ಕದ್ದು ಕಳಿಸೋಕಾಗತ್ತಾ?"

ನಾದಿನಿ ಮೇಜಿನ ಕೆಳಗೆ ಅವಳ ಕಾಲನ್ನು ತುಳಿದದ್ದು ತಡವಾಗಿತ್ತು.

ಯಜಮಾನರು ಒಳ್ಳೆಯವರು. ಏಜೆನ್ಸಿಗೆ ಹೋಗಲಿಲ್ಲ. ಸಂಬಳವನ್ನೂ ಮುಟ್ಟಲಿಲ್ಲ. ಮೇಜಿನ ಎರಡು ಬದಿಗಳನ್ನು ಅದಲುಬದಲು ಮಾಡಿದರು, ಅಷ್ಟೆ. ಈಗ ನಾದಿನಿ ಕಟ್ಟುತ್ತಾಳೆ, ಅಲುಗಿಸುತ್ತಾಳೆ. ಅತ್ತಿಗೆ ಡಬ್ಬದ ಎತ್ತರ ಇಳಿಸುತ್ತಾಳೆ, ಕಾಗದ ಮುದುರುತ್ತಾಳೆ, ಚೀಟಿ ಅಂಟಿಸುತ್ತಾಳೆ. ನಾದಿನಿ ಡಬ್ಬವನ್ನು ಕಿವಿಗೆ ಎತ್ತುವ ಹೊತ್ತಿಗೆ ಅವಳಿಗೆ ಯಾವಾಗಲೂ ನೆಲದಲ್ಲಿ ಹೆಕ್ಕಲು ಏನಾದರೂ ಕಾಣುತ್ತದೆ.

ಹೋಟೆಲ್ಲಿನ ಸರಕಿನ ಮೊದಲ ಕಂತು ಹೊರಡುವ ಸಂಜೆ ನಾದಿನಿ ಕೈ ತೊಳೆಯಲು ಹೋಗಿದ್ದಳು. ಕೊರಿಯರ್‌ನವನು ವ್ಯಾನಿನೊಳಗೆ ತಲೆ ತೂರಿಸಿಕೊಂಡೇ ಏನೋ ಕೇಳಿದ. ಅವನ ಬೆನ್ನಷ್ಟೇ ಕಾಣುತ್ತಿತ್ತು. ಸ್ವಲ್ಪ ತಡೆದು ಅವನು ತಿರುಗಿ ನೋಡಿದ.

ಅತ್ತಿಗೆ ನಗುತ್ತಾ ಹೌದೆಂದು ತಲೆಯಾಡಿಸಿದಳು.

ಅವನು ಕೇಳಿದ್ದು, ಇವತ್ತು ಎಷ್ಟು ಬಾಕ್ಸ್ ಎಂದು. ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಮತ್ತೆ ಕೇಳದೆ, ತಾನೇ ಬಂದು ಬೆರಳು ಮಡಚುತ್ತಾ ಎಣಿಸತೊಡಗಿದ.