ಒಬ್ಬರಿಗೆ ಮೂರು ಪರಿಚಯ

ಸೇಡಂನ ನಮ್ಮ ಕಾಲೇಜಿನ ವಿಚಾರ ಸಂಕಿರಣದ ಕಿರುಹೊತ್ತಿಗೆ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಭಾಷಣಕ್ಕೆ ಬರಲಿದ್ದ ಶಹಾಬಾದಿನ ಭೂವಿಜ್ಞಾನದ ಮೇಡಂ ಬಗ್ಗೆ ಮುಖಪುಟಕ್ಕೆ ಒಂದು ಸಾಲು, ಒಳಗೆ ಒಂದು ಪ್ಯಾರಾ, ಕೊನೆಗೆ ಒಂದು ಪುಟ ಬರೆದು ಅವರ ಒಪ್ಪಿಗೆಗೆ ಕಳಿಸಿದೆ. ಕೂಡಲೇ ಅವರ ಫೋನ್ ಬಂತು.

“ಮೂರರಾಗೂ ‘ಹೆಸರಾಂತ ವಿಜ್ಞಾನಿ’ ಅಂತ ಬರ್ದೀರಿ. ನಮ್ಮ ಓಣ್ಯಾಗ ಹಾಲಿನವಗೂ ನನ್ನ ಹೆಸರು ಗೊತ್ತಿಲ್ರಿ!”

ನಾಚಿಕೊಂಡು ಅವರನ್ನೇ ಕೇಳಿ ಕೇಳಿ ತಿದ್ದಿದೆ. ಸಾಲಿನಲ್ಲಿ ಈಗಿನ ಹುದ್ದೆಯಷ್ಟೇ ಉಳಿಯಿತು. ಪ್ಯಾರಾದಲ್ಲಿ ಹಾಸುಗಲ್ಲಿನ ಪದರಗಳ ಮೇಲೆ ಅವರು ಮಾಡಿದ ಅಧ್ಯಯನ ಬಂತು. ಪುಟದಲ್ಲಿ, ಭಂಕೂರಿನ ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪನನ್ನು ‘ಕಲ್ಲು ಹಾಳೆ ಹಾಳೆಯಾಗಿ ಯಾಕೆ ಏಳುತ್ತದೆ’ ಎಂದು ಕಾಡುತ್ತಿದ್ದ ಹುಡುಗಿ ಬಂದಳು.

ಓದಿ ಮೇಡಂ ನಕ್ಕರು. “ಕೊನೀ ಪುಟದಾಗಿನಾಕಿ ಭಾಳ ಚಲೋ ಅದಾಳ್ರಿ. ಒಮ್ಮೆ ಭೇಟಿ ಮಾಡಸ್ರಿ.”